ಶಾಕ್ ಅಬ್ಸಾರ್ಬರ್ ಸವೆತ: ಒತ್ತು ಪರೀಕ್ಷೆ ಮತ್ತು ಎಣ್ಣೆ ಕಲೆ

ಕಾರಿನ ಸ್ಪ್ರಿಂಗುಗಳ ಕುಲುಕಾಟವನ್ನು ಅಡಗಿಸುವ, ಎಣ್ಣೆ ತುಂಬಿದ ಕೊಳವೆಯೇ ಶಾಕ್ ಅಬ್ಸಾರ್ಬರ್. ಗ್ಯಾರೇಜುಗಳಲ್ಲಿ ಅದನ್ನು ಬರೀ ‘ಶಾಕ್’ ಎನ್ನುತ್ತಾರೆ. ಅದು ಸವೆದ ಕಾರು ಹೆದ್ದಾರಿಯಲ್ಲಿ ದೋಣಿಯಂತೆ ತೇಲುತ್ತದೆ, ತಿರುವಿನಲ್ಲಿ ಥಟ್ಟನೆ ಹೊರಬದಿಗೆ ವಾಲುತ್ತದೆ, ಬ್ರೇಕ್ ಒತ್ತಿದರೆ ಮೂತಿ ತಗ್ಗಿಸುತ್ತದೆ. ಸವೆತವನ್ನು ಯಂತ್ರಗಳಿಲ್ಲದೆ ಪತ್ತೆ ಮಾಡಲು ಎರಡು ಹಳೆಯ ವಿಧಾನಗಳಿವೆ. ಕಾರಿನ ಒಂದೊಂದು ಮೂಲೆಯನ್ನೂ ಕೈಯಿಂದ ಅದುಮಿ ಬಿಟ್ಟು, ಅದು ಎಷ್ಟು ಸಲ ಕುಲುಕುತ್ತದೆ ಎಂದು ನೋಡುವುದು ಒಂದು. ಬೌನ್ಸ್ ಟೆಸ್ಟ್ ಎಂದು ಹೆಸರಾದ ಇದನ್ನು ಇಲ್ಲಿ ಒತ್ತು ಪರೀಕ್ಷೆ ಎನ್ನಲಾಗಿದೆ. ಶಾಕಿನ ಮೈಮೇಲೆ ಎಣ್ಣೆ ಇಳಿದ ಕಲೆ ಇದೆಯೇ ಎಂದು ಬಗ್ಗಿ ನೋಡುವುದು ಇನ್ನೊಂದು. ಪೂರ್ತಿ ಕೆಟ್ಟ ಶಾಕನ್ನು ಇವೆರಡೂ ಹಿಡಿದುಕೊಡುತ್ತವೆ. ಆದರೆ ಒತ್ತಿದಾಗ ಕುಲುಕಲಿಲ್ಲ, ಎಣ್ಣೆಯೂ ಕಾಣಲಿಲ್ಲ ಎಂಬ ಕಾರಣಕ್ಕೆ ಶಾಕ್ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಸರಿಯಿರುವ ಶಾಕ್ ಬದಲಿಸಿದವರೂ ಇದ್ದಾರೆ, ಸತ್ತ ಶಾಕಿನ ಮೇಲೆ ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ.

ಕಾರು ತೇಲುವುದೇಕೆ

ಕಾರಿನ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಚಕ್ರ ಉಬ್ಬು ಹತ್ತಿದಾಗ ಸ್ಪ್ರಿಂಗ್ ಅದುಮಿಕೊಂಡು ಆ ಹೊಡೆತದ ಶಕ್ತಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮರುಕ್ಷಣ ಅಷ್ಟನ್ನೂ ವಾಪಸು ಕೊಡುತ್ತದೆ. ತಡೆಯುವವರಿಲ್ಲದಿದ್ದರೆ ಕಾರಿನ ಮೈ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಸಾಮಾನ್ಯ ಪ್ರಯಾಣಿಕ ಕಾರಿನಲ್ಲಿ ಈ ಆಟ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ನಡೆಯುತ್ತದೆ. ‘ಕಾರು ತೇಲುತ್ತಿದೆ’ ಎಂದು ಸವಾರರು ಹೇಳುವುದು ಈ ನಿಧಾನಗತಿಯ ಏರಿಳಿತವನ್ನೇ. ಚಕ್ರ ಮತ್ತು ಅದರ ಆಕ್ಸಲ್ ಬೇರೆಯೇ ಲಯದಲ್ಲಿ, ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ, ರಸ್ತೆಯ ಮೇಲೆ ಪುಟಿಯಬಲ್ಲವು. ಶಾಕ್ ಈ ಎರಡನ್ನೂ ಅಡಗಿಸಬೇಕು. ಇಷ್ಟು ದೂರದ ಎರಡು ಲಯಗಳನ್ನು ಒಂದೇ ಕೊಳವೆ ಸಂಭಾಳಿಸಬೇಕಾಗಿರುವುದೇ ಒತ್ತು ಪರೀಕ್ಷೆಯ ಮಿತಿಗೆ ಮೂಲ ಎಂಬುದು ಮುಂದೆ ಗೊತ್ತಾಗುತ್ತದೆ.

ನಮ್ಮ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಅವಳಿ ಕೊಳವೆಯ ಶಾಕ್. ಒಳಗಿನ ಕೊಳವೆಯಲ್ಲಿ ಎಣ್ಣೆ ತುಂಬಿರುತ್ತದೆ. ಅದರೊಳಗೆ ಕ್ರೋಮ್ ಹೊದಿಸಿದ ರಾಡಿನ ತುದಿಯಲ್ಲಿ ಪಿಸ್ಟನ್ ಆಡುತ್ತದೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳಿವೆ, ಅವುಗಳ ಬಾಯಿಗೆ ತೆಳುವಾದ ಉಕ್ಕಿನ ಬಿಲ್ಲೆಗಳು ಕವಾಟಗಳಾಗಿ ಕೂತಿವೆ. ಎಣ್ಣೆ ಈ ಇಕ್ಕಟ್ಟಿನಲ್ಲಿ ನುಗ್ಗುವಾಗ ಬಿಸಿಯಾಗುತ್ತದೆ. ಸ್ಪ್ರಿಂಗಿನಲ್ಲಿದ್ದ ಶಕ್ತಿ ಹೀಗೆ ಶಾಖವಾಗಿ ಹೊರಟುಹೋಗುತ್ತದೆ. ರಾಡು ಒಳಗೆ ಬಂದಷ್ಟೂ ಜಾಗ ಹಿಡಿಯುವುದರಿಂದ ಅಷ್ಟು ಎಣ್ಣೆ ತಳದ ಕವಾಟದ ಮೂಲಕ ಹೊರಗಿನ ಕೊಳವೆಗೆ ಸರಿಯಬೇಕು. ಆ ಹೊರಕೊಳವೆಯ ಮೇಲ್ಭಾಗದಲ್ಲಿ ಗಾಳಿ, ಇಲ್ಲವೆ ಕಡಿಮೆ ಒತ್ತಡದ ನೈಟ್ರೋಜನ್ ಇರುತ್ತದೆ. ರಾಡು ಹೊರಬರುವ ಬಾಯಿಯಲ್ಲಿ ರಬ್ಬರ್ ಸೀಲ್ ಇದೆ. ಎಣ್ಣೆ ಕಲೆಯ ಕತೆಯೆಲ್ಲ ಈ ಸೀಲಿನದು.

ಶಾಕ್ ಎರಡೂ ದಿಕ್ಕಿಗೆ ಒಂದೇ ಸಮ ತಡೆ ಒಡ್ಡುವುದಿಲ್ಲ. ಅದುಮುವಾಗ ಕಡಿಮೆ, ಬಿಚ್ಚಿಕೊಳ್ಳುವಾಗ ಹೆಚ್ಚು. ಬಿಚ್ಚುವ ತಡೆ ಸಾಮಾನ್ಯವಾಗಿ ಎರಡು ಮೂರು ಪಟ್ಟು ಇರುತ್ತದೆ. ಉಬ್ಬಿನ ಹೊಡೆತ ಮೈಗೆ ತಾಗಬಾರದು, ಆದರೆ ಅದುಮಿದ ಸ್ಪ್ರಿಂಗ್ ಕಾರನ್ನು ಮೇಲೆ ಎಸೆಯಲೂಬಾರದು ಎಂಬ ಲೆಕ್ಕ. ಆದ್ದರಿಂದ ಕೈಯಿಂದ ಒತ್ತುವವನು ಗಮನಿಸಬೇಕಾದದ್ದು ಮೂಲೆ ಎಷ್ಟು ಸುಲಭವಾಗಿ ತಗ್ಗಿತು ಎಂಬುದನ್ನಲ್ಲ, ಹೇಗೆ ಮೇಲೆ ಬಂತು ಎಂಬುದನ್ನು.

ಎಣ್ಣೆಯ ಶಾಕಿಗೆ ಮೊದಲು ಚರ್ಮದ ಪಟ್ಟಿ, ಮರದ ಬಿಲ್ಲೆಗಳ ಉಜ್ಜಾಟದಿಂದ ಕುಲುಕಾಟ ತಡೆಯುವ ಸಾಧನಗಳಿದ್ದವು. ಫ್ರಾನ್ಸಿನ ಮಾರಿಸ್ ಹುಡಾಯ್ ಹೆಸರಿನ ತೋಳುಳ್ಳ ಎಣ್ಣೆ ಶಾಕುಗಳು 1927ರ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಬಂದವು. ಸ್ಪ್ರಿಂಗ್, ಶಾಕ್, ಚಕ್ರದ ಆಧಾರ ಮೂರನ್ನೂ ಒಂದೇ ಕಂಬವಾಗಿಸಿದ ಅರ್ಲ್ ಮ್ಯಾಕ್‌ಫರ್ಸನ್ ವಿನ್ಯಾಸವನ್ನು ಬ್ರಿಟನ್ನಿನ ಫೋರ್ಡ್ ಕನ್ಸಲ್ ಮತ್ತು ಜೆಫಿರ್ ಕಾರುಗಳು 1950ರಲ್ಲಿ ಜನಪ್ರಿಯಗೊಳಿಸಿದವು. ಭಾರತದಲ್ಲಿ 1983ರ ಮಾರುತಿ 800ರ ಮುಂಭಾಗದಲ್ಲಿ ಇದ್ದದ್ದೂ ಇದೇ ಸ್ಟ್ರಟ್. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್ ಹೊಂದಿವೆ. ಈ ಲೇಖನ ಆ ಬಗೆಯ ಕಾರನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ.

ತಿರುವಿನ ವಾಲಾಟ

ಇಲ್ಲಿ ಒಂದು ತಪ್ಪು ನಂಬಿಕೆ ಗ್ಯಾರೇಜುಗಳಲ್ಲೂ ಬೇರೂರಿದೆ. ಕಾರು ತಿರುವಿನಲ್ಲಿ ಹೆಚ್ಚು ವಾಲಿದರೆ ಶಾಕ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಉದ್ದನೆಯ, ಒಂದೇ ಬಾಗಿನ ತಿರುವಿನಲ್ಲಿ ಕಾರು ಎಷ್ಟು ಡಿಗ್ರಿ ವಾಲಿ ನಿಲ್ಲುತ್ತದೆ ಎಂಬುದಕ್ಕೂ ಶಾಕಿಗೂ ಸಂಬಂಧವಿಲ್ಲ. ಅದನ್ನು ಗೊತ್ತುಮಾಡುವುದು ಸ್ಪ್ರಿಂಗಿನ ಬಿಗಿ, ಎಡಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್, ಕಾರಿನ ಎತ್ತರ ಮತ್ತು ಚಾವಣಿಯ ಮೇಲೆ ಹೇರಿದ ಸಾಮಾನು. ಶಾಕ್ ಚಲನೆಗೆ ಮಾತ್ರ ತಡೆ ಒಡ್ಡುತ್ತದೆ. ಮೈ ವಾಲಿ ನಿಂತಮೇಲೆ ಅದಕ್ಕೆ ಕೆಲಸವಿಲ್ಲ.

ಶಾಕ್ ನಿರ್ಧರಿಸುವುದು ವಾಲುವ ವೇಗವನ್ನು ಮತ್ತು ನಿಲ್ಲಬೇಕಾದ ಕೋನವನ್ನು ಮೀರಿ ಎಷ್ಟು ಹೋಗುತ್ತದೆ ಎಂಬುದನ್ನು. ಒಂದು ಕಾರು ಒಂದು ತಿರುವಿನಲ್ಲಿ 3 ಡಿಗ್ರಿ ವಾಲಿ ನಿಲ್ಲಬೇಕು ಎಂದುಕೊಳ್ಳೋಣ. ಸ್ಟಿಯರಿಂಗನ್ನು ಒಮ್ಮೆಗೇ ತಿರುಗಿಸಿದರೆ, ಶಾಕ್ ಆರೋಗ್ಯವಾಗಿದ್ದಾಗ ಅದು ಸುಮಾರು 4.3 ಡಿಗ್ರಿವರೆಗೆ ಹೋಗಿ ಹಿಂದಿರುಗಿ 3ಕ್ಕೆ ನಿಲ್ಲುತ್ತದೆ. ಶಾಕಿನ ತಡೆ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ 5 ಡಿಗ್ರಿ ದಾಟಿ, ಮತ್ತೆ ಒಂದೂವರೆಯ ಹತ್ತಿರ ಬಂದು, ಇನ್ನೆರಡು ಸಲ ಹೊಯ್ದಾಡುತ್ತದೆ. ನಿಜವಾದ ಚಾಲಕ ಅಷ್ಟು ಥಟ್ಟನೆ ತಿರುಗಿಸುವುದಿಲ್ಲವಾದ್ದರಿಂದ ಅಂಕಿಗಳು ಇದಕ್ಕಿಂತ ಕಡಿಮೆ ಇರುತ್ತವೆ. ವ್ಯತ್ಯಾಸ ಮಾತ್ರ ಹಾಗೇ ಉಳಿಯುತ್ತದೆ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಎಡ ತಿರುವಿನ ಬೆನ್ನಿಗೇ ಬಲ ತಿರುವು ಬರುತ್ತದೆ. ಮೊದಲನೆಯ ಹೊಯ್ದಾಟ ಮುಗಿಯುವ ಮುಂಚೆ ಎರಡನೆಯದು ಶುರುವಾದಾಗ ಎರಡೂ ಕೂಡಿಕೊಳ್ಳಬಹುದು. ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಬರುವುದಕ್ಕೆ ಪ್ರತಿ ಸಲವೂ ರಸ್ತೆಯೇ ಕಾರಣವಲ್ಲ.

ಹೀಗಾಗಿ ಚಾಲಕನ ದೂರನ್ನು ಬಿಡಿಸಿ ಕೇಳಬೇಕು. ತಿರುವಿಗೆ ಇಳಿಯುವಾಗ ಮತ್ತು ತಿರುವಿನಿಂದ ಹೊರಬರುವಾಗ ಹೊಯ್ದಾಡಿದರೆ ಶಾಕಿನ ಮೇಲೆ ಅನುಮಾನ. ತಿರುವಿನ ಉದ್ದಕ್ಕೂ ಒರಗಿಕೊಂಡೇ ಇದ್ದರೆ ಮೊದಲು ನೋಡಬೇಕಾದದ್ದು ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್, ಮುರಿದ ಸ್ಪ್ರಿಂಗ್ ಸುರುಳಿ ಮತ್ತು ಟೈರಿನ ಗಾಳಿ. ಲಿಂಕ್ ರಾಡ್ ಸವೆದಿದ್ದರೆ ಸಣ್ಣ ಗುಂಡಿಗಳಲ್ಲಿ ಟಕಟಕ ಸದ್ದೂ ಬರುತ್ತದೆ. ಶಾಕ್ ಮಾತ್ರ ಸವೆದ ಕಾರು ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ಸವೆತ ಸಾವಿರಾರು ಕಿಲೋಮೀಟರಿನಲ್ಲಿ ಇಷ್ಟಿಷ್ಟೇ ಬರುವುದರಿಂದ ಮಾಲೀಕ ಅದಕ್ಕೆ ಒಗ್ಗಿಕೊಂಡಿರುತ್ತಾನೆ. ಮೊದಲ ಸಲ ಆ ಕಾರು ಓಡಿಸಿದ ಬೇರೆಯವರು ಹತ್ತು ನಿಮಿಷದಲ್ಲಿ ಗುರುತಿಸುತ್ತಾರೆ.

ಒತ್ತು ಪರೀಕ್ಷೆ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇದೆಯೇ ನೋಡಿಕೊಳ್ಳಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಬೇಕು. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಹಿಂಭಾಗದ ತೋಳುಗಳು ಮೇಲೆ ಕೆಳಗೆ ಆಡುವಾಗ ಚಕ್ರ ಒಂದಿಷ್ಟು ಉರುಳಬೇಕಾಗುತ್ತದೆ. ಬ್ರೇಕ್ ಹಿಡಿದಿದ್ದರೆ ಆ ಬಿಗಿತವೇ ಕುಲುಕಾಟ ನಿಲ್ಲಿಸಿ, ಸತ್ತ ಶಾಕನ್ನೂ ಬದುಕಿದೆ ಎಂದು ತೋರಿಸುತ್ತದೆ. ಕೈ ಇಡುವ ಜಾಗವೂ ಮುಖ್ಯ. ಬಾನೆಟ್ಟಿನ ನಡುವಿನ ತಗಡು ಒತ್ತಿದರೆ ತಗ್ಗು ಬೀಳುತ್ತದೆ. ತಗಡು ಮಡಚಿ ಗಟ್ಟಿಯಾಗಿರುವ ಅಂಚಿನಲ್ಲಿ, ಚಕ್ರಕ್ಕೆ ಆದಷ್ಟು ಹತ್ತಿರ, ಎರಡೂ ಅಂಗೈ ಹರಡಿ ಒತ್ತಬೇಕು.

ಒಂದೇ ಸಲ ಬಲವಾಗಿ ಒತ್ತಿದರೆ ಸಾಕಾಗುವುದಿಲ್ಲ. ಸಣ್ಣ ಕಾರಿನ ಒಂದು ಮೂಲೆಯ ಬಿಗಿ ಮಿಲಿಮೀಟರಿಗೆ ಸುಮಾರು 2 ಕಿಲೋ ಭಾರದಷ್ಟು ಇರಬಹುದು. 40 ಕಿಲೋ ಭಾರ ಹಾಕಿದರೂ ಅದು ತಗ್ಗುವುದು 2 ಸೆಂಟಿಮೀಟರ್. ಜೋಕಾಲಿ ತೂಗುವ ಹಾಗೆ, ಮೂಲೆ ತಾನಾಗಿ ಇಳಿಯುವ ಹೊತ್ತಿಗೆ ಕೈಯ ಭಾರ ಸೇರಿಸುತ್ತ ಮೂರು ನಾಲ್ಕು ಸಲ ತೂಗಿ, 3 ಸೆಂಟಿಮೀಟರಿನಷ್ಟು ಆಟ ಬಂದಮೇಲೆ ತಳದಲ್ಲಿದ್ದಾಗ ಥಟ್ಟನೆ ಕೈ ತೆಗೆಯಬೇಕು. ಆಮೇಲೆ ನೋಡಬೇಕಾದದ್ದು ಬಾನೆಟ್ಟಿನ ಅಂಚನ್ನು, ಅದರ ಹಿಂದಿನ ಗೋಡೆಯ ಒಂದು ಗೆರೆಗೆ ಹೋಲಿಸಿ.

ಆರೋಗ್ಯವಂತ ಶಾಕಿನಲ್ಲಿ, ಎಂಜಿನಿಯರುಗಳ ಲೆಕ್ಕದ ಪ್ರಕಾರ, ಪ್ರತಿ ಅರ್ಧ ಸುತ್ತಿಗೆ ಆಟ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ 3 ಸೆಂಟಿಮೀಟರ್ ಕೆಳಗಿದ್ದ ಮೂಲೆ ತನ್ನ ನಿಲುವಿಗಿಂತ 1.3 ಸೆಂಟಿಮೀಟರ್ ಮೇಲೇರಿ, 0.6 ಸೆಂಟಿಮೀಟರ್ ಕೆಳಗಿಳಿದು, ಅಲ್ಲಿಂದ ಮುಂದೆ ರಬ್ಬರ್ ಬುಷ್‌ಗಳ ಬಿಗಿತದಲ್ಲೇ ನಿಂತುಬಿಡುತ್ತದೆ. ಕಣ್ಣಿಗೆ ಕಾಣುವುದು ಒಂದು ಏರು, ಒಂದು ಇಳಿತ, ನಿಲುಗಡೆ. ತಡೆ ಅರ್ಧಕ್ಕಿಂತ ಕೆಳಗೆ ಕುಸಿದ ಶಾಕಿನಲ್ಲಿ ಅದೇ 3 ಸೆಂಟಿಮೀಟರ್ ಕ್ರಮವಾಗಿ 2.2, 1.6, 1.2, 0.9 ಎಂದು ಸಾವಕಾಶವಾಗಿ ಕರಗುತ್ತದೆ. ಎರಡನೆಯ ಏರು ಸ್ಪಷ್ಟವಾಗಿ ಕಂಡರೆ ಆ ಮೂಲೆಯ ಶಾಕ್ ಮುಗಿದಿದೆ ಎಂದೇ ಅರ್ಥ. ಇದು ಖಚಿತವಾದ ತೀರ್ಪು.

ಆದರೆ ತಕ್ಷಣ ನಿಂತರೆ ಏನನ್ನೂ ಖಚಿತವಾಗಿ ಹೇಳಲಾಗದು. ಕೈಯಿಂದ ತೂಗುವಾಗ ಪಿಸ್ಟನ್ ಆಡುವುದು ಸೆಕೆಂಡಿಗೆ ಹೆಚ್ಚೆಂದರೆ ಕಾಲು ಮೀಟರ್ ವೇಗದಲ್ಲಿ. ಅರವತ್ತರ ವೇಗದಲ್ಲಿ ಹರಕು ಡಾಂಬರಿನ ಮೇಲೆ ಚಕ್ರ ಪುಟಿಯುವಾಗ ಆ ವೇಗ ಸೆಕೆಂಡಿಗೆ ಒಂದು ಮೀಟರನ್ನೂ ಮೀರಬಹುದು. ಕಡಿಮೆ ವೇಗದಲ್ಲಿ ಎಣ್ಣೆ ಹಾಯುವುದು ಸಣ್ಣ ರಂಧ್ರಗಳಲ್ಲಿ. ಹೆಚ್ಚು ವೇಗದಲ್ಲಿ ಉಕ್ಕಿನ ಬಿಲ್ಲೆಗಳು ಬಾಗಿ ತೆರೆದ ದಾರಿಯಲ್ಲಿ. ಬಿಲ್ಲೆ ದಣಿದು ಬಾಗಿದ್ದರೆ, ಒಡೆದಿದ್ದರೆ ಅದು ಕೈಯ ಒತ್ತಿಗೆ ಗೊತ್ತಾಗುವುದೇ ಇಲ್ಲ. ಇನ್ನೊಂದು ಕಾರಣವೂ ಇದೆ. ಎಣ್ಣೆ ಕಡಿಮೆಯಾದ ಶಾಕಿನಲ್ಲಿ ಎಣ್ಣೆ ಮತ್ತು ಗಾಳಿ ಕಲೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಆದರೆ ರಾತ್ರಿಯೆಲ್ಲ ನಿಂತ ಕಾರಿನಲ್ಲಿ ನೊರೆ ಇಳಿದು, ಎಣ್ಣೆ ತಣ್ಣಗಾಗಿ ಮಂದವಾಗಿರುತ್ತದೆ. ಬೆಳಗ್ಗೆ ಒತ್ತಿ ನೋಡಿದರೆ ಪರೀಕ್ಷೆ ಪಾಸು. ಅದೇ ಕಾರು ಘಾಟಿ ಹತ್ತಿಳಿದ ಮೇಲೆ ತೇಲುತ್ತದೆ. ಅನುಮಾನವಿದ್ದಾಗ ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದು ಕೂಡಲೇ ಒತ್ತಿ ನೋಡುವುದು ಲೇಸು.

ಪಟ್ಟಿ ಸ್ಪ್ರಿಂಗಿನ ವಾಹನಗಳಲ್ಲಿ ಈ ಪರೀಕ್ಷೆಗೆ ಬೆಲೆ ಇನ್ನೂ ಕಡಿಮೆ. ಜೀಪು, ಪಿಕಪ್, ಹಳೆಯ ಅಂಬಾಸಿಡರಿನ ಹಿಂಭಾಗ ಇವುಗಳಲ್ಲಿ ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಂಡೇ ಕುಲುಕಾಟ ನಿಲ್ಲುತ್ತದೆ. ಶಾಕ್ ಬಿಚ್ಚಿಟ್ಟರೂ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ಸುರುಳಿ ಸ್ಪ್ರಿಂಗಿನ ಕಾರಿನಲ್ಲೂ ಒಂದು ಮೂಲೆಯ ಫಲಿತಾಂಶಕ್ಕಿಂತ ಎಡ ಬಲಗಳ ಹೋಲಿಕೆ ಹೆಚ್ಚು ನಂಬಲರ್ಹ. ಮುಂದಿನ ಎಡ ಮೂಲೆ ಒಂದೂವರೆ ಸಲ ಆಡಿ, ಬಲ ಮೂಲೆ ಒಂದಕ್ಕೇ ನಿಂತರೆ, ಎರಡೂ ‘ಪಾಸಾದವು’ ಎನ್ನುವುದು ಸರಿಯಲ್ಲ.

ಎಣ್ಣೆ ಕಲೆ ಓದುವುದು

ರಾಡು ಒಣಗಿದ್ದರೆ ಸೀಲನ್ನು ಉಜ್ಜಿ ತಿಂದುಬಿಡುತ್ತದೆ. ಅದಕ್ಕಾಗಿ ಸೀಲ್ ರಾಡಿನ ಮೇಲೆ ಅತಿ ತೆಳುವಾದ ಎಣ್ಣೆಯ ಪದರವನ್ನು ಬೇಕೆಂದೇ ಬಿಡುತ್ತದೆ. ಆ ಪದರದ ಅಲ್ಪ ಭಾಗ ಹೊರಗೆ ಉಳಿದು, ಶಾಕಿನ ಮೇಲ್ಭಾಗದಲ್ಲಿ ಮಂಕಾದ, ಧೂಳು ಮೆತ್ತಿದ ಬೆವರಾಗಿ ಕಾಣುತ್ತದೆ. ಬಾಯಿಂದ ಕೆಳಗೆ ಕೆಲವು ಸೆಂಟಿಮೀಟರ್, ಅಥವಾ ಮೈಯ ಮೇಲಿನ ಮೂರನೆಯ ಒಂದು ಭಾಗದವರೆಗೆ ಇರುವ ಇಂಥ ಬೆವರು ದೋಷವಲ್ಲ. ಕೆಲವು ಗ್ಯಾರೇಜುಗಳಲ್ಲಿ ಇದನ್ನೇ ತೋರಿಸಿ ಹೊಸ ಶಾಕ್ ಮಾರುತ್ತಾರೆ.

ಸೋರಿಕೆಯ ರೂಪ ಬೇರೆ. ಅದರಲ್ಲಿ ಹೊಳಪಿದೆ, ದಾರೆಯಿದೆ. ಎಣ್ಣೆ ಮೈಮೇಲೆ ಗೆರೆಯಾಗಿ ಇಳಿದು ಸ್ಪ್ರಿಂಗ್ ಕೂರುವ ತಟ್ಟೆಯನ್ನೋ ಕೆಳಗಿನ ಬೋಲ್ಟನ್ನೋ ಮುಟ್ಟಿರುತ್ತದೆ. ಬೆರಳಿಟ್ಟರೆ ಬೆರಳು ಒದ್ದೆಯಾಗುತ್ತದೆ. ಒಂದು ಶಾಕಿನೊಳಗೆ ಇರುವುದೇ ಕಾಲು ಲೀಟರಿನ ಆಸುಪಾಸು ಎಣ್ಣೆ. ತಟ್ಟೆಯವರೆಗೆ ಇಳಿದು ಮಣ್ಣು ಕಲೆಸುವಷ್ಟು ಹೊರಬಂದಿದ್ದರೆ ಒಳಗೆ ನೊರೆಗೆ ಜಾಗವಾಗಿದೆ. ಮೂರನೆಯ ರೂಪವೂ ಒಂದಿದೆ: ಒಣಗಿ ಕಪ್ಪಾಗಿ, ಕೆರೆದರೆ ಚಕ್ಕೆಯಾಗಿ ಏಳುವ ಮಣ್ಣಿನ ಪದರ. ಹಸಿ ಇಲ್ಲವೆಂದು ಇದನ್ನು ಬಿಟ್ಟುಬಿಡುತ್ತಾರೆ. ಸೋರಬೇಕಾದದ್ದೆಲ್ಲ ಸೋರಿ ಮುಗಿದ ಶಾಕ್ ಹೀಗಿರಬಹುದು.

ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಸೀಲ್ ಹೊರಗೆ ಕಾಣುವುದಿಲ್ಲ. ಮಡಿಕೆ ಮಡಿಕೆಯಾದ ರಬ್ಬರ್ ಡಸ್ಟ್ ಕವರಿನ ಒಳಗಿರುತ್ತದೆ. ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಕವರಿನ ಕೆಳಗಿನ ಅಂಚನ್ನು ಮೇಲಕ್ಕೆ ಸರಿಸಿ, ಟಾರ್ಚು ಹಾಕಿ ರಾಡಿನ ಬುಡ ನೋಡಬೇಕು. ಕವರ್ ಹರಿದಿದ್ದರೆ ಸೀಲಿನ ಆಯುಸ್ಸು ಆಗಲೇ ಕುಗ್ಗಿದೆ ಎಂದು ತಿಳಿಯಬೇಕು. ಹರಿದ ಕಡೆಯಿಂದ ನುಗ್ಗಿದ ಕೆಂಪು ಧೂಳು, ಮಳೆಗಾಲದ ಕೆಸರು ರಾಡಿಗೆ ಅಂಟಿ, ಪ್ರತಿ ಏರಿಳಿತಕ್ಕೂ ಸೀಲನ್ನು ಉಜ್ಜುತ್ತವೆ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಕ್ರೋಮ್ ಪದರದಲ್ಲಿ ಸಣ್ಣ ಚುಕ್ಕೆಗಳೇಳುತ್ತವೆ. ಉಗುರಿನಿಂದ ಸವರಿದರೆ ತಗಲುವಷ್ಟು ಒರಟಾದ ಒಂದು ಚುಕ್ಕೆ ಸಾಕು, ಸೀಲಿನ ತುಟಿಯನ್ನು ಕತ್ತರಿಸಲು.

ಎಲ್ಲ ಎಣ್ಣೆ ಶಾಕಿನದಲ್ಲ. ವಾಟರ್ ಸರ್ವಿಸ್ ಮಾಡಿಸಿದ ಮೇಲೆ ತುಕ್ಕು ಹಿಡಿಯದಿರಲಿ ಎಂದು ಕಾರಿನ ಅಡಿಗೆ ಡೀಸೆಲ್ಲನ್ನೋ ಹಳೆಯ ಎಣ್ಣೆಯನ್ನೋ ಸಿಂಪಡಿಸುವ ರೂಢಿ ನಮ್ಮಲ್ಲಿ ಹಲವೆಡೆ ಇದೆ. ಅಂಥ ಕಾರಿನಲ್ಲಿ ನಾಲ್ಕೂ ಶಾಕ್ ಒದ್ದೆ, ಜೊತೆಗೆ ಸುತ್ತಲಿನದೆಲ್ಲವೂ ಒದ್ದೆ. ಡಸ್ಟ್ ಕವರಿನ ಒಳಗೆ ಮಾತ್ರ ಒಣ. ಆಕ್ಸಲ್ಲಿನ ರಬ್ಬರ್ ಬೂಟು ಹರಿದಿದ್ದರೆ ದಪ್ಪ ಕಪ್ಪು ಗ್ರೀಸು ತಿರುಗುವ ವೇಗಕ್ಕೆ ಸಿಡಿದು ಚಕ್ರದ ಒಳಬದಿಗೆ ವೃತ್ತಾಕಾರವಾಗಿ ಮೆತ್ತಿಕೊಳ್ಳುತ್ತದೆ. ಚಕ್ರದ ಹತ್ತಿರ, ಕೆಳಗೆ ಮಾತ್ರ ತೆಳುವಾದ ದ್ರವ ಕಂಡು ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಇಳಿದಿದ್ದರೆ ಅದು ಬ್ರೇಕಿನದು. ಶಾಕಿನ ವಿಚಾರ ಬಿಟ್ಟು ಕಾರನ್ನು ಅಲ್ಲೇ ನಿಲ್ಲಿಸಬೇಕು. ಗೊಂದಲವಿದ್ದರೆ ವೇಸ್ಟ್ ಬಟ್ಟೆಯಿಂದ ಶಾಕಿನ ಮೈಯನ್ನು ಪೂರ್ತಿ ಒರೆಸಿ ಒಣಗಿಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಬೇಕು. ಸೀಲಿನ ಬಾಯಿಂದ ಹೊಸ ದಾರೆ ಇಳಿದಿದ್ದರೆ ಸೋರಿಕೆ ನಿಜ.

ಕಲೆ ಇಲ್ಲದಿರುವುದು ಏನನ್ನೂ ಸಾಬೀತುಪಡಿಸುವುದಿಲ್ಲ. ಪಿಸ್ಟನ್ನಿನ ಸುತ್ತಲ ಪಟ್ಟಿ ಸವೆದರೆ ಎಣ್ಣೆ ಒಳಗೊಳಗೇ ಸಂದಿಯಲ್ಲಿ ಹಾಯ್ದುಹೋಗುತ್ತದೆ, ಒಂದು ಹನಿಯೂ ಹೊರಬರುವುದಿಲ್ಲ. ನೈಟ್ರೋಜನ್ ಹೊರಹೋದರೆ ಅದು ಕಲೆಯನ್ನೇ ಬಿಡುವುದಿಲ್ಲ. ಮಳೆಗಾಲದಲ್ಲಿ ನೀರು ಹೊಡೆದು ತೊಳೆದ ಕಲೆಯೂ ಕಾಣುವುದಿಲ್ಲ.

ಒಂದು ಉದಾಹರಣೆ

ಮುಂದೆ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್ ಇರುವ, 90,000 ಕಿಲೋಮೀಟರ್ ಓಡಿದ ಹ್ಯಾಚ್‌ಬ್ಯಾಕ್ ಒಂದನ್ನು ತೆಗೆದುಕೊಳ್ಳೋಣ. ದೂರು ಎರಡು: ಹೆದ್ದಾರಿಯ ಸೇತುವೆಗಳ ಜೋಡಣೆ ದಾಟಿದ ಮೇಲೆ ಹಿಂಭಾಗ ತೇಲುತ್ತದೆ, ಘಾಟಿಯಲ್ಲಿ ಎಡ ತಿರುವಿಗಿಂತ ಬಲ ತಿರುವಿನಲ್ಲಿ ಕಾರು ಹೆಚ್ಚು ಹೊಯ್ದಾಡುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡಬದಿಯ ಚಕ್ರಗಳ ಮೇಲೆ ಬೀಳುವುದರಿಂದ ಎಡಬದಿಯನ್ನು ಮೊದಲು ನೋಡುವುದು ತರ್ಕಬದ್ಧ.

ಒತ್ತಿ ನೋಡಿದಾಗ ಹಿಂದಿನ ಎಡ ಮೂಲೆ ಎರಡು ಸಲ ಏರಿತು, ಹಿಂದಿನ ಬಲ ಒಂದು ಸಲ. ಮುಂದಿನ ಎರಡೂ ಒಂದಕ್ಕೇ ನಿಂತವು. ಹಿಂದಿನ ಎಡ ಶಾಕಿನ ಮೈಯಲ್ಲಿ ಕೆಳಗಿನ ಬುಷ್‌ವರೆಗೂ ಹಸಿ ದಾರೆ ಇದೆ. ಅದರ ತೀರ್ಮಾನ ಇಲ್ಲಿಗೆ ಮುಗಿಯಿತು. ಮುಂದಿನ ಎಡ ಸ್ಟ್ರಟ್‌ನ ಮೇಲ್ತುದಿಯಲ್ಲಿ ಧೂಳಿನ ಬೆವರು ಮಾತ್ರ. ಆದರೆ ಆ ಚಕ್ರದ ಟೈರಿನ ಮೇಲೆ ಅಂಗೈ ಸವರಿದರೆ ಸುತ್ತಲೂ ಅಲ್ಲಲ್ಲಿ ತಗ್ಗು ಸಿಗುತ್ತದೆ. ಚಕ್ರ ಪುಟಿಯುತ್ತ ಓಡಿದಾಗ ರಬ್ಬರು ಹೀಗೆ ಬಟ್ಟಲು ಬಟ್ಟಲಾಗಿ ಸವೆಯುತ್ತದೆ. ಬ್ಯಾಲೆನ್ಸಿಂಗ್ ತಪ್ಪಿದ್ದರೂ, ಬುಷ್ ಸಡಿಲವಿದ್ದರೂ ಇಂಥದೇ ಗುರುತು ಬರಬಹುದಾದ್ದರಿಂದ ಅವೆರಡನ್ನೂ ಪರೀಕ್ಷಿಸಿ ಸರಿಯಿವೆ ಎಂದು ಖಚಿತಪಡಿಸಿಕೊಳ್ಳಬೇಕು. ಆಗ ಉಳಿಯುವುದು ಒತ್ತು ಪರೀಕ್ಷೆ ಪಾಸಾದ, ಎಣ್ಣೆಯೂ ಸೋರದ, ಆದರೆ ವೇಗದ ಪುಟಿತವನ್ನು ತಡೆಯಲಾರದ ಮುಂದಿನ ಸ್ಟ್ರಟ್.

ಇದನ್ನು ರಸ್ತೆಯಲ್ಲೇ ಖಚಿತಪಡಿಸಿಕೊಳ್ಳಲು ಒಂದು ಉಪಾಯವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದು ಚಕ್ರ ಅದನ್ನು ದಾಟಲು ಸುಮಾರು 0.67 ಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 1.3 ಸಲ ಆಡುವ ಕಾರಿನ ಒಂದು ಸುತ್ತಿಗೆ ಬೇಕಾದದ್ದು 0.77 ಸೆಕೆಂಡ್. ಎರಡೂ ಹತ್ತಿರ ಬರುವುದರಿಂದ ಈ ವೇಗದಲ್ಲಿ ಉಬ್ಬು ಕಾರಿನ ಮೈಯನ್ನು ಚೆನ್ನಾಗಿ ಎತ್ತಿ ಬಿಡುತ್ತದೆ. ದಾಟಿದ ಮೇಲೆ ಕಾರು ಒಂದು ಸಲ ತಗ್ಗಿ ನಿಂತರೆ ಸರಿ, ಇನ್ನೊಮ್ಮೆ ಏಳುವುದು ಸೊಂಟಕ್ಕೆ ಗೊತ್ತಾದರೆ ಶಾಕ್ ಸೋತಿದೆ. ಊರೂರಿನ ಜನ ತಾವೇ ಹಾಕಿಕೊಂಡ ಮೊನಚು ಉಬ್ಬುಗಳಿಗೆ ಈ ಲೆಕ್ಕ ಅನ್ವಯಿಸದು. ಅವು ಕೊಡುವುದು ಹೊಡೆತವನ್ನಷ್ಟೇ. ಇದು ಮೈಯ ನಿಧಾನದ ಲಯಕ್ಕೆ ಮಾತ್ರ ಪರೀಕ್ಷೆ ಎಂಬುದನ್ನೂ ಮರೆಯಬಾರದು. ಚಕ್ರದ ಪುಟಿತ ತಿಳಿಯಲು ಸಣ್ಣ ಅಲೆಗಳೆದ್ದ ಮಣ್ಣು ರಸ್ತೆಯ ತಿರುವಿನಲ್ಲಿ, ಬೇರೆ ವಾಹನಗಳಿಲ್ಲದಾಗ, ನಿಧಾನ ವೇಗದಲ್ಲಿ ಹೋಗಿ ಮೂತಿ ಪಕ್ಕಕ್ಕೆ ಜಾರುತ್ತದೆಯೇ ನೋಡಬೇಕು. ಉದಾಹರಣೆಯ ಕಾರು ಉಬ್ಬಿನ ಮೇಲೆ ಮುಂಭಾಗದಲ್ಲಿ ತಪ್ಪು ತೋರಿಸದೆ, ಅಲೆಗಳ ತಿರುವಿನಲ್ಲಿ ಹೊರಬದಿಗೆ ಜಾರಿದರೆ, ಟೈರು ಹೇಳಿದ್ದೇ ನಿಜ.

ಯಂತ್ರ ಪರೀಕ್ಷೆ

ಯುರೋಪಿನ ಶಾಕ್ ತಯಾರಕರ ಸಂಘದ ಹೆಸರಿನಲ್ಲಿ ಯೂಸಾಮಾ ಎಂದು ಕರೆಯುವ ಪರೀಕ್ಷೆಯಲ್ಲಿ ಚಕ್ರವನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ, ಸೆಕೆಂಡಿಗೆ 25 ಸಲದಿಂದ ಶುರುಮಾಡಿ ಕ್ರಮೇಣ ನಿಧಾನವಾಗುವಂತೆ ಅಲುಗಿಸುತ್ತಾರೆ. ಚಕ್ರ ಪುಟಿಯುವ ಲಯ ಬಂದಾಗ ಟೈರು ಹಲಗೆಯನ್ನು ಕನಿಷ್ಠ ಎಷ್ಟು ಭಾರದಿಂದ ಒತ್ತಿ ಹಿಡಿದಿದೆ ಎಂದು ಅಳೆದು, ನಿಂತಾಗಿನ ಭಾರಕ್ಕೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 60ಕ್ಕಿಂತ ಮೇಲೆ ಉತ್ತಮ, 20ಕ್ಕಿಂತ ಕೆಳಗೆ ಅಪಾಯ. ಒತ್ತು ಪರೀಕ್ಷೆ ಮುಟ್ಟಲಾಗದ ವೇಗವನ್ನು ಇದು ಮುಟ್ಟುತ್ತದೆ. ಆದರೆ ಟೈರಿನ ಗಾಳಿ ಏರಿಳಿದರೂ, ಕಾರು ಹಗುರವಿದ್ದರೂ ಅಂಕ ಬದಲಾಗುತ್ತದೆ. ಹಗುರ ಕಾರಿನ ಹಿಂಭಾಗ ಹೊಸ ಶಾಕಿನಲ್ಲೂ ಕಡಿಮೆ ಅಂಕ ಪಡೆಯಬಹುದು. ಇಲ್ಲೂ ಎಡ ಬಲಗಳ ವ್ಯತ್ಯಾಸವೇ ಹೆಚ್ಚು ಮಾತನಾಡುತ್ತದೆ.

ಬದಲಾವಣೆ

ಅಮೆರಿಕದ ಮನ್ರೋ ಕಂಪನಿ ತನ್ನ ದೇಶದ ಕಾರುಗಳಿಗೆ 50,000 ಮೈಲಿಗೆ, ಅಂದರೆ ಸುಮಾರು 80,000 ಕಿಲೋಮೀಟರಿಗೆ ಶಾಕ್ ಬದಲಿಸಲು ಹೇಳುತ್ತದೆ. ಕಿಲೋಮೀಟರ್ ನೋಡಿ ಬದಲಿಸುವುದಕ್ಕಿಂತ ಪ್ರತಿ ಸರ್ವಿಸಿನಲ್ಲೂ ಪರೀಕ್ಷಿಸುವುದು ನಮ್ಮ ರಸ್ತೆಗಳಿಗೆ ಹೆಚ್ಚು ಹೊಂದುವ ಕ್ರಮ. ಗುಂಡಿ ರಸ್ತೆಯ ಕಾರು ಅದರ ಅರ್ಧಕ್ಕೇ ಸೋತಿರಬಹುದು. ಒಂದೇ ಶಾಕ್ ಸೋರಿದ್ದರೂ ಅದೇ ಆಕ್ಸಲ್ಲಿನ ಎರಡನ್ನೂ ಬದಲಿಸಬೇಕು. ಒಂದು ಬದಿ ಹೊಸದು, ಇನ್ನೊಂದು ಹಳೆಯದಾದರೆ ಬ್ರೇಕ್ ಒತ್ತಿದಾಗ, ಉಬ್ಬು ದಾಟುವಾಗ ಎರಡು ಬದಿ ಎರಡು ರೀತಿ ವರ್ತಿಸುತ್ತವೆ. ಮುಂದಿನ ಸ್ಟ್ರಟ್ ಬಿಚ್ಚಿದಾಗ ಮೇಲಿನ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಡಸ್ಟ್ ಕವರ್, ಒಳಗಿನ ರಬ್ಬರ್ ಬಂಪ್ ಸ್ಟಾಪ್ ಇವನ್ನೂ ಹೊಸದು ಹಾಕುವುದು ಉಳಿತಾಯವೇ ಸರಿ, ಏಕೆಂದರೆ ಕೂಲಿ ಎರಡು ಸಲ ಕೊಡಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಹೊಸ ಶಾಕ್ ತಿಂಗಳೊಪ್ಪತ್ತಿನಲ್ಲಿ ಸೋರಲು ಮುಖ್ಯ ಕಾರಣ ಜೋಡಿಸುವವರ ಅವಸರ. ಮೇಲಿನ ನಟ್ಟು ಬಿಗಿಯುವಾಗ ರಾಡು ತಿರುಗುತ್ತದೆ ಎಂದು ಅದನ್ನು ಇಕ್ಕಳದಿಂದ ಹಿಡಿಯುತ್ತಾರೆ. ಕ್ರೋಮಿನ ಮೇಲೆ ಬಿದ್ದ ಆ ಹಲ್ಲಿನ ಗುರುತು ಪ್ರತಿ ಏರಿಳಿತಕ್ಕೂ ಸೀಲನ್ನು ಗೀರುತ್ತದೆ. ರಾಡಿನ ತುದಿಯಲ್ಲಿ ಹಿಡಿಯಲೆಂದೇ ಅಲೆನ್ ಕೀ ಕೂರುವ ಕುಳಿಯನ್ನೋ ಚಪ್ಪಟೆ ಅಂಚನ್ನೋ ಕೊಟ್ಟಿರುತ್ತಾರೆ. ಹಾಗೆಯೇ ಹಿಂದಿನ ಶಾಕಿನ ಕೆಳಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕಾರು ನೆಲಕ್ಕಿಳಿದು ತನ್ನ ಭಾರ ಹೊತ್ತಮೇಲೆ ಕೊನೆಯ ಬಿಗಿ ಕೊಡಬೇಕು. ಸ್ಟ್ರಟ್‌ನ ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ ಬಿಚ್ಚುವ ಸಾಹಸ ಮನೆಯಲ್ಲಿ ಯಾರೂ ಮಾಡಬಾರದು. ಅದುಮಿದ ಸುರುಳಿ ಸಿಡಿದರೆ ಪ್ರಾಣವನ್ನೇ ತೆಗೆಯಬಲ್ಲದು.

ಹಳೆಯ ಶಾಕಿಗೆ ಎಣ್ಣೆ ತುಂಬಿಸಿ ಸೀಲ್ ಬದಲಿಸಿ ಕೊಡುವ ಅಂಗಡಿಗಳೂ ಇವೆ. ಇಂದಿನ ಕಾರುಗಳ ಶಾಕುಗಳ ಬಾಯಿಯನ್ನು ಕಾರ್ಖಾನೆಯಲ್ಲೇ ಮಡಚಿ ಮುಚ್ಚಿರುವುದರಿಂದ ಅದನ್ನು ಕತ್ತರಿಸಿ ಮತ್ತೆ ಬೆಸೆಯಬೇಕಾಗುತ್ತದೆ. ಸೋರುವುದು ನಿಲ್ಲಬಹುದು, ದಣಿದ ಬಿಲ್ಲೆಗಳು, ಸವೆದ ಪಿಸ್ಟನ್ ಪಟ್ಟಿ, ಹೊರಟುಹೋದ ನೈಟ್ರೋಜನ್ ಹಾಗೇ ಉಳಿಯುತ್ತವೆ. ಬಿಡಿಭಾಗ ಸಿಗದ ಹಳೆಯ ಕಾರಿಗೆ ಬಿಟ್ಟರೆ ಬೇರೆಯದಕ್ಕೆ ಇದು ಹಣ ಹಾಳು. ಬಿಚ್ಚಿದ ಶಾಕನ್ನು ಗುಜರಿಗೆ ಹಾಕುವಾಗ ಅದರಲ್ಲಿ ನೈಟ್ರೋಜನ್ ಇನ್ನೂ ಉಳಿದಿರಬಹುದು ಎಂದು ಅಂಗಡಿಯವರಿಗೆ ಹೇಳಿಯೇ ಕೊಡಿ. ಗ್ಯಾಸ್ ಕಟರಿನಿಂದ ಕತ್ತರಿಸಿದರೆ, ಬೆಂಕಿಗೆ ಹಾಕಿದರೆ ಅದು ಸಿಡಿಯುತ್ತದೆ.